ಬಾಡಿಗೆ ಅಷ್ಟೇ ಇದೆ, ಹಾಗಾದರೆ ನಷ್ಟ ಎಷ್ಟು?

ಬೆಂಗಳೂರಿನ ಐಟಿ ಕಂಪನಿಗಳು 2022ರಲ್ಲಿ ನೌಕರರನ್ನು ಮತ್ತೆ ಕಚೇರಿಗೆ ಕರೆಯತೊಡಗಿದ ಮೇಲೆ ಬಾಡಿಗೆ ಹೇಗೆ ಏರಿತು ಎಂಬುದನ್ನು ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರಾರು ಮುಗಿಯುವ ತಿಂಗಳು ಬಂತೆಂದರೆ ಸಾಕು, ಮಾಲೀಕರ ಫೋನು ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ಎಷ್ಟೋ ಸಂಸಾರಗಳು ಮಾಡಿದ ಕೆಲಸ ಒಂದೇ: ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋದವು. ಮೊದಲು ಕಟ್ಟುತ್ತಿದ್ದಷ್ಟೇ ಬಾಡಿಗೆ ಈಗಲೂ ಕಟ್ಟುತ್ತಿವೆ. ಹೊರಗಿನಿಂದ ನೋಡುವವರು, ತಿಂಗಳ ಖರ್ಚು ಒಂದು ರೂಪಾಯಿಯೂ ಏರಿಲ್ಲ, ಇವರಿಗೇನು ನಷ್ಟ ಎನ್ನಬಹುದು. ನಷ್ಟ ಇದೆ. ಎಷ್ಟು ಎಂಬುದನ್ನು ರೂಪಾಯಿಯಲ್ಲೇ ಹೇಳಲೂಬಹುದು. ಅದನ್ನು ಅಳೆಯುವ ಮೂರು ವಿಧಾನಗಳು ಅರ್ಥಶಾಸ್ತ್ರದಲ್ಲಿವೆ. ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ, ಅವುಗಳಲ್ಲಿ ಒಂದೂ ತಪ್ಪಲ್ಲ. ಆದರೆ ಪ್ರತಿಯೊಂದೂ ಉತ್ತರಿಸುವುದು ಬೇರೆ ಪ್ರಶ್ನೆಗೆ.

ಲೆಕ್ಕಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಕೈಗೆ ಬರುವುದು ತಿಂಗಳಿಗೆ 36,000 ರೂಪಾಯಿ. ಒಂದು ಮಗು ಇದೆ, ಗಂಡನ ತಾಯಿ ಜೊತೆಗಿದ್ದಾರೆ. ಆದಾಯದ ಅರ್ಧ ಬಾಡಿಗೆಗೆ, ಉಳಿದರ್ಧ ದಿನಸಿ, ಶಾಲೆ ಫೀಸು, ಬಸ್ಸು, ಔಷಧಿ ಮುಂತಾದ ಎಲ್ಲದಕ್ಕೆ. ಬಾಡಿಗೆ ಏರಲಿ ಇಳಿಯಲಿ, ಈ ಅರ್ಧರ್ಧದ ಹಂಚಿಕೆಯನ್ನು ಅವರು ಬದಲಿಸುವುದಿಲ್ಲ ಎಂದಿಟ್ಟುಕೊಳ್ಳಿ. ಅರ್ಧ ಎಂಬುದು ಹೆಚ್ಚೇ ಆಯಿತು, ಒಪ್ಪುತ್ತೇನೆ. ಮೂರು ಅಳತೆಗಳ ಅಂತರ ಕಣ್ಣಿಗೆ ಕಾಣಲಿ ಎಂದೇ ಅಷ್ಟು ದೊಡ್ಡ ಪಾಲನ್ನು ಆರಿಸಿಕೊಂಡಿದ್ದೇನೆ.

ಆ ಬಡಾವಣೆಯಲ್ಲಿ ಬಾಡಿಗೆ ಚದರಡಿಗೆ 25 ರೂಪಾಯಿ ಇದ್ದಾಗ 18,000 ರೂಪಾಯಿಗೆ 720 ಚದರಡಿಯ ಮನೆ ಸಿಗುತ್ತಿತ್ತು. ಎರಡು ಬೆಡ್‌ರೂಮು, ತಾಯಿಯವರಿಗೆ ಪ್ರತ್ಯೇಕ ಕೋಣೆ. ಈಗ ದರ ಚದರಡಿಗೆ 36 ರೂಪಾಯಿ ಆಗಿದೆ. ಅದೇ 18,000ಕ್ಕೆ 500 ಚದರಡಿ. ಒಂದೇ ಬೆಡ್‌ರೂಮು, ತಾಯಿಯವರ ಹಾಸಿಗೆ ಹಾಲ್‌ಗೆ ಬಂತು, ಮಗು ಓದಲು ಕೂರುವುದು ಅಡುಗೆಮನೆಯ ಬಾಗಿಲ ಪಕ್ಕ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾತ್ರ ಏನೂ ಬದಲಾಗಿಲ್ಲ: ಪ್ರತಿ ತಿಂಗಳು 18,000 ಹೋಗುತ್ತದೆ, ಅಷ್ಟೆ.

ಮೊದಲ ಅಳತೆ ಹಳೆಯದು. ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ದ್ಯುಪ್ವಿ 1844ರಲ್ಲಿ, ಸೇತುವೆಯಂಥ ಸಾರ್ವಜನಿಕ ಕಾಮಗಾರಿಯಿಂದ ಜನಕ್ಕೆ ಎಷ್ಟು ಪ್ರಯೋಜನ ಎಂದು ಅಳೆಯುವ ದಾರಿ ಹುಡುಕುತ್ತ ಇದನ್ನು ಮೊದಲು ಮುಂದಿಟ್ಟ. ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ 1890ರ ತನ್ನ ಪಠ್ಯದ ಮೂಲಕ ಅದನ್ನು ಎಲ್ಲ ತರಗತಿಗಳಿಗೂ ಮುಟ್ಟಿಸಿದ. ಅದೇ ಗ್ರಾಹಕ ಮಿಗತೆ. ಒಂದು ವಸ್ತುವಿಗೆ ನಾನು ಕೊಡಲು ತಯಾರಿದ್ದ ಮೊತ್ತಕ್ಕೂ ನಿಜವಾಗಿ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ ನನಗೆ ಉಳಿದ ಮಿಗತೆ. ಬೆಲೆ ಏರಿದಾಗ ಈ ಮಿಗತೆ ಎಷ್ಟು ಕರಗಿತು ಎಂಬುದೇ ನಷ್ಟ.

ಇದನ್ನು ಲೆಕ್ಕ ಹಾಕಲು ಬೆಲೆ ಒಂದೇ ನೆಗೆತಕ್ಕೆ ಏರಲಿಲ್ಲ, ಒಂದೊಂದು ರೂಪಾಯಿಯಾಗಿ ಏರಿತು ಎಂದುಕೊಳ್ಳಬೇಕು. ದರ 25ರಿಂದ 26ಕ್ಕೆ ಹೋಗುವಾಗ ನಮ್ಮ ಸಂಸಾರ ಸರಾಸರಿ 706 ಚದರಡಿಯಷ್ಟು ಮನೆಯಲ್ಲಿರುತ್ತದೆ. ಪ್ರತಿ ಚದರಡಿಗೂ ಒಂದೊಂದು ರೂಪಾಯಿ ಹೆಚ್ಚು ತೆರಬೇಕಾದ್ದರಿಂದ ಆ ಹೆಜ್ಜೆಯ ನಷ್ಟ ಸುಮಾರು 706 ರೂಪಾಯಿ. 26ರಿಂದ 27ಕ್ಕೆ ಹೋಗುವಾಗ ಮನೆ ಇನ್ನಷ್ಟು ಚಿಕ್ಕದು, ಸುಮಾರು 679 ಚದರಡಿ. ನಷ್ಟ 679 ರೂಪಾಯಿ. ಹೀಗೇ ಕೊನೆಯ ಹೆಜ್ಜೆ, 35ರಿಂದ 36ಕ್ಕೆ ಬರುವ ಹೊತ್ತಿಗೆ ನಷ್ಟ 507 ರೂಪಾಯಿ. ಈ ಹನ್ನೊಂದು ಹೆಜ್ಜೆಗಳನ್ನು ಕೂಡಿದರೆ 6,563 ಬರುತ್ತದೆ. ಹೆಜ್ಜೆಗಳನ್ನು ಇನ್ನೂ ಸಣ್ಣದಾಗಿ ಸೀಳಿ ನಿಖರವಾಗಿ ಕೂಡಿದರೆ 6,564 ರೂಪಾಯಿ. ಬೇಡಿಕೆ ರೇಖೆಯ ಎಡಕ್ಕೆ ಎರಡು ಬೆಲೆಗಳ ನಡುವೆ ಸಿಗುವ ಕ್ಷೇತ್ರಫಲ ಎಂದು ಪಠ್ಯಪುಸ್ತಕಗಳು ಹೇಳುವುದು ಇದನ್ನೇ.

ಇಷ್ಟು ಅಚ್ಚುಕಟ್ಟಾಗಿರುವಾಗ ತೊಡಕೇನು? ತೊಡಕು ಹೆಜ್ಜೆಗಳಲ್ಲೇ ಇದೆ. ಬಾಡಿಗೆ ಒಂದೊಂದು ರೂಪಾಯಿ ಏರಿದಂತೆ ಈ ಸಂಸಾರ ಸ್ವಲ್ಪ ಸ್ವಲ್ಪವೇ ಬಡವಾಗುತ್ತ ಹೋಗುತ್ತದೆ. ಮನೆಯ ವಿಸ್ತೀರ್ಣ ಕುಗ್ಗಿದ್ದಕ್ಕೆ ಕಾರಣ ಎರಡು. ಒಂದು, ಜಾಗ ತುಟ್ಟಿಯಾಯಿತು, ಹಾಗಾಗಿ ಜಾಗ ಕಡಿಮೆ ಮಾಡಿ ಬೇರೆ ಕಡೆ ಖರ್ಚು ಮಾಡೋಣ ಎಂಬ ಆಯ್ಕೆ. ಇನ್ನೊಂದು, ಕೈಯಲ್ಲಿರುವ ಅದೇ 36,000ದ ಶಕ್ತಿಯೇ ಕುಂದಿತು. ಗ್ರಾಹಕ ಮಿಗತೆ ಈ ಎರಡನ್ನೂ ಬೆರೆಸಿಬಿಡುತ್ತದೆ. ಮೊದಲ ಹೆಜ್ಜೆಯ ರೂಪಾಯಿಯೂ ಕೊನೆಯ ಹೆಜ್ಜೆಯ ರೂಪಾಯಿಯೂ ಆ ಮನೆಯವರಿಗೆ ಒಂದೇ ತೂಕದ್ದು ಎಂದು ಅದು ನಂಬುತ್ತದೆ. ಮಾರ್ಷಲ್ ಈ ಊಹೆಯನ್ನು ತಿಳಿದೇ ಮಾಡಿದ್ದ. ಖರ್ಚಿನಲ್ಲಿ ಸಣ್ಣ ಪಾಲಿರುವ ವಸ್ತುಗಳಿಗೆ ಅದರಿಂದ ಹೆಚ್ಚು ಏರುಪೇರಾಗದು. ಮನೆ ಬಾಡಿಗೆ ಸಣ್ಣ ಪಾಲಲ್ಲ.

ಈ ಬೆರಕೆಯನ್ನು ಬಿಡಿಸಿದವನು ಜಾನ್ ಹಿಕ್ಸ್. 1939ರ ‘ವ್ಯಾಲ್ಯೂ ಅಂಡ್ ಕ್ಯಾಪಿಟಲ್’ ಪುಸ್ತಕದಲ್ಲಿ ಮತ್ತು ಅದರ ಬೆನ್ನಿಗೆ 1940ರ ದಶಕದ ಮೊದಲ ವರ್ಷಗಳಲ್ಲಿ ಬರೆದ ಲೇಖನಗಳಲ್ಲಿ ಆತ, ನಷ್ಟ ಎಷ್ಟು ಎಂಬ ಒಂದೇ ಪ್ರಶ್ನೆಯ ಒಳಗೆ ಎರಡು ಪ್ರಶ್ನೆಗಳು ಸೇರಿಕೊಂಡಿವೆ ಎಂದು ತೋರಿಸಿದ. ಬೆಲೆ ಏರಿದ ಮೇಲೆ ಈ ಸಂಸಾರವನ್ನು ಮೊದಲಿನ ನೆಮ್ಮದಿಗೆ ತರಲು ಎಷ್ಟು ಹಣ ಕೊಡಬೇಕು? ಇದು ಕಾಂಪೆನ್ಸೇಟಿಂಗ್ ವೇರಿಯೇಷನ್, ಇಲ್ಲಿ ಪರಿಹಾರ ಮೊತ್ತ ಎನ್ನೋಣ. ಬೆಲೆಯನ್ನು ಏರಿಸದೆ, ಅದರ ಬದಲು ಅವರ ಆದಾಯದಿಂದಲೇ ಎಷ್ಟು ಕಿತ್ತುಕೊಂಡರೆ ಅಷ್ಟೇ ನೋವಾಗುತ್ತದೆ? ಇದು ಈಕ್ವಿವಲೆಂಟ್ ವೇರಿಯೇಷನ್, ಸಮಾನ ಮೊತ್ತ.

ನೆಮ್ಮದಿಯನ್ನು ಹೋಲಿಸಲು ಒಂದು ಸಾಧನ ಬೇಕು. ಯಾವ ಬೆಲೆಯಲ್ಲೂ ಆದಾಯವನ್ನು ಅರ್ಧರ್ಧ ಹಂಚುವ ಸಂಸಾರದ ಇಷ್ಟಾನಿಷ್ಟವನ್ನು ಒಂದು ಸರಳ ಗುಣಾಕಾರ ಹಿಡಿದುಕೊಡುತ್ತದೆ: ಮನೆಯ ಚದರಡಿಯನ್ನು ಉಳಿದ ಖರ್ಚಿನ ರೂಪಾಯಿಯಿಂದ ಗುಣಿಸುವುದು. ಕಾಬ್ ಮತ್ತು ಡಗ್ಲಸ್ ಎಂಬಿಬ್ಬರ ಹೆಸರಿನಲ್ಲಿ ಓದುವ ಸೂತ್ರದ ಒಂದು ರೂಪ ಇದು. ಬರುವ ಅಂಕಿಗೆ ತನ್ನದೇ ಆದ ಅರ್ಥವಿಲ್ಲ. ಎರಡು ಬದುಕುಗಳಿಗೆ ಒಂದೇ ಅಂಕಿ ಬಂದರೆ ಆ ಮನೆಯವರಿಗೆ ಎರಡೂ ಸಮ, ಹೆಚ್ಚಿನ ಅಂಕಿ ಬಂದದ್ದು ಹೆಚ್ಚು ಇಷ್ಟ. ಇಷ್ಟು ಮಾತ್ರ ಅದರಿಂದ ತಿಳಿಯಬೇಕಾದದ್ದು.

ಹಳೆಯ ಬದುಕಿನ ಅಂಕಿ 720 ಗುಣಿಸು 18,000, ಅಂದರೆ 1,29,60,000. ಹೊಸ ಬದುಕಿನದು 500 ಗುಣಿಸು 18,000, ಅಂದರೆ 90,00,000. ನೆಮ್ಮದಿ ಇಳಿದಿದೆ ಎಂಬುದು ಇದರಿಂದಲೇ ಖಚಿತ.

ಈಗ ಪರಿಹಾರ ಮೊತ್ತ. ದರ 36 ರೂಪಾಯಿಯಲ್ಲೇ ಇರಲಿ, ಸಂಸಾರಕ್ಕೆ ತಿಂಗಳಿಗೆ 7,200 ರೂಪಾಯಿ ಹೆಚ್ಚು ಕೊಟ್ಟು ನೋಡಿ. ಆದಾಯ 43,200 ಆಯಿತು. ಅದರಲ್ಲಿ ಅರ್ಧ, 21,600 ರೂಪಾಯಿ ಬಾಡಿಗೆಗೆ ಹೋದರೆ 600 ಚದರಡಿ ಸಿಗುತ್ತದೆ. ಉಳಿದ ಖರ್ಚಿಗೆ ಇನ್ನೊಂದು 21,600. ಗುಣಿಸಿದರೆ 1,29,60,000, ಹಳೆಯ ಅಂಕಿಯೇ ಬಂತು. ಅಂದರೆ ಪರಿಹಾರ ಮೊತ್ತ 7,200 ರೂಪಾಯಿ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಸಂಸಾರ 720 ಚದರಡಿಗೆ ಮರಳಲಿಲ್ಲ, 600ರಲ್ಲೇ ನಿಂತಿತು. ಕಳೆದುಕೊಂಡ 120 ಚದರಡಿಗೆ ಬದಲಾಗಿ ತಿಂಗಳಿಗೆ 3,600 ರೂಪಾಯಿಯಷ್ಟು ಹೆಚ್ಚಿನ ದಿನಸಿ, ಫೀಸು, ಔಷಧಿ ಅವರಿಗೆ ಸಿಕ್ಕಿತು, ಆ ವಿನಿಮಯ ಅವರಿಗೆ ಒಪ್ಪಿಗೆ. ಈ ಮೊತ್ತ ಹೇಗೆ ಬಂತೆಂದರೆ, ದರ 25ರಿಂದ 36ಕ್ಕೆ, ಅಂದರೆ 1.44 ಪಟ್ಟು ಏರಿದೆ. ಬಾಡಿಗೆಯ ಪಾಲು ಅರ್ಧ ಆದ್ದರಿಂದ 1.44ರ ವರ್ಗಮೂಲ ತೆಗೆಯಬೇಕು. ಅದು 1.2. ಆದಾಯವೂ 1.2 ಪಟ್ಟು ಆಗಬೇಕು.

ಸಮಾನ ಮೊತ್ತಕ್ಕೆ ಬರೋಣ. ಈಗ ದರ 25 ರೂಪಾಯಿಯಲ್ಲೇ ಉಳಿಯಿತು ಎಂದುಕೊಳ್ಳಿ. ಆದರೆ ಸಂಸಾರದ ಆದಾಯದಿಂದ 6,000 ರೂಪಾಯಿ ಹೋಯಿತು. ಉಳಿದ 30,000ದಲ್ಲಿ 15,000 ಬಾಡಿಗೆಗೆ, 600 ಚದರಡಿ. ಉಳಿದ ಖರ್ಚಿಗೆ 15,000. ಗುಣಿಸಿದರೆ 90,00,000. ಬಾಡಿಗೆ ಏರಿದಾಗ ಆದ ನೋವು, ಸಂಬಳದಲ್ಲಿ 6,000 ಕಡಿತವಾದಾಗ ಆಗುವ ನೋವು, ಎರಡೂ ಅವರಿಗೆ ಒಂದೇ.

ಹೀಗೆ ಒಂದೇ ಬಾಡಿಗೆ ಏರಿಕೆಗೆ ಮೂರು ಉತ್ತರ ಬಂತು: 6,000, 6,564, 7,200. ಗ್ರಾಹಕ ಮಿಗತೆ ನಡುವೆ ನಿಂತಿರುವುದು ಆಕಸ್ಮಿಕವಲ್ಲ. ನೆಮ್ಮದಿಯನ್ನು ಹಳೆಯ ಮಟ್ಟದಲ್ಲೇ ಹಿಡಿದಿಟ್ಟರೆ ಬಾಡಿಗೆ ಏರುತ್ತ ಹೋದಂತೆ ಮನೆ 720ರಿಂದ 600 ಚದರಡಿಗೆ ಇಳಿಯುತ್ತದೆ. ಹೊಸ, ಕೆಳಗಿನ ಮಟ್ಟದಲ್ಲೇ ಹಿಡಿದಿಟ್ಟರೆ 600ರಿಂದ 500ಕ್ಕೆ. ಮಾರುಕಟ್ಟೆಯಲ್ಲಿ ನಮ್ಮ ಕಣ್ಣಿಗೆ ಬೀಳುವ ಬೇಡಿಕೆ ಮೊದಲನೆಯದರಲ್ಲಿ ಹೊರಟು ಎರಡನೆಯದರಲ್ಲಿ ಬಂದು ಮುಟ್ಟುತ್ತದೆ, 720ರಿಂದ 500ಕ್ಕೆ. ಚದರಡಿಗೆ ಏರಿದ 11 ರೂಪಾಯಿಯನ್ನು ಈ ಮೂರೂ ದಾರಿಗಳ ಮೇಲೆ ಕೂಡುತ್ತ ಹೋದರೆ ದೊಡ್ಡ ಮನೆಗಳ ದಾರಿ ದೊಡ್ಡ ಮೊತ್ತ ಕೊಡುತ್ತದೆ, ಚಿಕ್ಕ ಮನೆಗಳ ದಾರಿ ಚಿಕ್ಕ ಮೊತ್ತ, ಕಂಡ ಬೇಡಿಕೆ ನಡುವಿನದು. ಆದಾಯ ಹೆಚ್ಚಿದಂತೆ ಜನ ಹೆಚ್ಚು ಕೊಳ್ಳುವ ಯಾವ ವಸ್ತುವಿಗೂ ಇದೇ ಕ್ರಮ. ಆದಾಯ ಹೆಚ್ಚಿದಂತೆ ಜನ ಕೈಬಿಡುವ ಅಗ್ಗದ ವಸ್ತುವಾದರೆ ಕ್ರಮ ತಿರುಗುತ್ತದೆ. ಆದಾಯಕ್ಕೂ ಕೊಳ್ಳುವಿಕೆಗೂ ನಂಟೇ ಇಲ್ಲದಿದ್ದರೆ ಮೂರೂ ಒಂದೇ ಆಗುತ್ತವೆ.

ಪರಿಹಾರ ಮೊತ್ತ ಸಮಾನ ಮೊತ್ತಕ್ಕಿಂತ ಯಾಕೆ ದೊಡ್ಡದು ಎಂಬುದನ್ನು ಮನೆಯವರ ಕಡೆಯಿಂದಲೂ ನೋಡಬಹುದು. ಬಾಡಿಗೆ ಏರದಂತೆ ತಡೆಯಲು ನೀವು ಎಷ್ಟು ಬಿಟ್ಟುಕೊಡುತ್ತೀರಿ ಎಂದು ಕೇಳಿದರೆ, ಅವರು ತಮ್ಮ 36,000ದ ಒಳಗಿನಿಂದಲೇ ತೆಗೆದು ಕೊಡಬೇಕು. ಕೊಟ್ಟಷ್ಟೂ ಉಳಿದ ರೂಪಾಯಿ ಅಮೂಲ್ಯವಾಗುತ್ತದೆ, 6,000ಕ್ಕೆ ಕೈ ನಿಲ್ಲುತ್ತದೆ. ಬಾಡಿಗೆ ಏರಿಕೆಯನ್ನು ಒಪ್ಪಿಕೊಳ್ಳಲು ನಿಮಗೆ ಎಷ್ಟು ಬೇಕು ಎಂದು ಕೇಳಿದರೆ ಆ ಮಿತಿ ಇಲ್ಲ, ಉತ್ತರ 7,200. ಹಾಗಾಗಿ ಈ ಎರಡರಲ್ಲಿ ಯಾವುದನ್ನು ಬಳಸಬೇಕು ಎಂಬುದು ಗಣಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಳೆಯ ಬದುಕು ಈ ಸಂಸಾರದ ಹಕ್ಕು ಎಂದು ನಾವು ಒಪ್ಪಿದರೆ ಪರಿಹಾರ ಮೊತ್ತವನ್ನೇ ಕೊಡಬೇಕು. ಏರಿದ ಬಾಡಿಗೆಯೇ ಸಹಜ, ಅದು ಇಳಿಯಬೇಕಾದರೆ ನೀವೇ ಬೆಲೆ ತೆರಬೇಕು ಎಂಬ ನಿಲುವಾದರೆ ಲೆಕ್ಕ 6,000ಕ್ಕೆ ಇಳಿಯುತ್ತದೆ. ಬೆಲೆ 36ರಿಂದ 25ಕ್ಕೆ ಇಳಿಯುವ ಉಲ್ಟಾ ಪ್ರಸಂಗದಲ್ಲಿ ಎರಡು ಮೊತ್ತಗಳು ಜಾಗ ಬದಲಿಸಿಕೊಳ್ಳುವುದೂ ಇದಕ್ಕೇ.

ಒಂದು ಬಳಕೆಯಲ್ಲಿ ಮಾತ್ರ ಸಮಾನ ಮೊತ್ತಕ್ಕೆ ಸ್ಪಷ್ಟ ಮೇಲುಗೈ ಇದೆ. ಸರ್ಕಾರದ ಮುಂದೆ ಮೂರು ನಾಲ್ಕು ಬೇರೆ ಬೇರೆ ತೆರಿಗೆ ಪ್ರಸ್ತಾಪಗಳಿದ್ದು ಯಾವುದು ಜನರಿಗೆ ಕಡಿಮೆ ಹೊರೆ ಎಂದು ಹೋಲಿಸಬೇಕಾದಾಗ, ಸಮಾನ ಮೊತ್ತ ಎಲ್ಲವನ್ನೂ ಇವತ್ತಿನ ಬೆಲೆಯ ರೂಪಾಯಿಯಲ್ಲೇ ಹೇಳುತ್ತದೆ. ಪರಿಹಾರ ಮೊತ್ತ ಒಂದೊಂದು ಪ್ರಸ್ತಾಪಕ್ಕೂ ಅದರದರ ಹೊಸ ಬೆಲೆಯಲ್ಲಿ ಅಳೆಯುವುದರಿಂದ ಆ ಹೋಲಿಕೆ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ.

ಹಾಗಾದರೆ ಗ್ರಾಹಕ ಮಿಗತೆಯನ್ನು ಕೈಬಿಡಬೇಕೇ? ಬೇಡ. ಅಮೆರಿಕದ ರಾಬರ್ಟ್ ವಿಲಿಗ್ 1976ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಪ್ಪು ಎಷ್ಟಾಗುತ್ತದೆ ಎಂದು ಮೊದಲೇ ಅಂದಾಜು ಮಾಡುವ ಸುಲಭ ನಿಯಮ ಕೊಟ್ಟ. ಮಿಗತೆಯ ನಷ್ಟ ಆದಾಯದ ಎಷ್ಟು ಭಾಗ ಎಂದು ನೋಡಿ, ಅದನ್ನು ಆದಾಯ ಏರಿದಾಗ ಆ ವಸ್ತುವಿನ ಬೇಡಿಕೆ ಏರುವ ಪ್ರಮಾಣದಿಂದ ಗುಣಿಸಿ, ಅರ್ಧ ಮಾಡಿ. ನಮ್ಮ ಲೆಕ್ಕದಲ್ಲಿ 6,564 ರೂಪಾಯಿ 36,000ದ ಶೇ 18ರಷ್ಟು. ಆದಾಯ ಶೇ 10 ಏರಿದರೆ ಈ ಸಂಸಾರ ಜಾಗವನ್ನೂ ಶೇ 10 ಹೆಚ್ಚಿಸಿಕೊಳ್ಳುತ್ತದೆ, ಹಾಗಾಗಿ ಗುಣಕ ಒಂದು. ಅರ್ಧ ಮಾಡಿದರೆ ಶೇ 9. ನಿಜವಾದ ಅಂತರ ಒಂದು ಕಡೆ ಶೇ 9.7, ಇನ್ನೊಂದು ಕಡೆ ಶೇ 8.6. ನಿಯಮ ಚೆನ್ನಾಗಿಯೇ ಹೇಳಿತು.

ಇದೇ ಮನೆಯಲ್ಲಿ ತಿಂಗಳಿಗೆ 360 ರೂಪಾಯಿಯ ಕಾಫಿಪುಡಿ ಬರುತ್ತದೆ, ಅದರ ಬೆಲೆಯೂ 1.44 ಪಟ್ಟಾಯಿತು ಎನ್ನಿ. ಕಾಫಿಗೂ ಅವರು ಆದಾಯದ ಶೇ 1ರ ಪಾಲನ್ನೇ ಸದಾ ಇಡುತ್ತಾರೆ ಎಂದುಕೊಂಡು ಲೆಕ್ಕ ಹಾಕಿದರೆ ಸಮಾನ ಮೊತ್ತ 131 ರೂಪಾಯಿ 3 ಪೈಸೆ, ಗ್ರಾಹಕ ಮಿಗತೆಯ ನಷ್ಟ 131 ರೂಪಾಯಿ 27 ಪೈಸೆ, ಪರಿಹಾರ ಮೊತ್ತ 131 ರೂಪಾಯಿ 51 ಪೈಸೆ. ಅಂತರ ನಾಲ್ಕಾಣೆಯೂ ಇಲ್ಲ. ಕಾಫಿ, ಬೆಂಕಿಪೊಟ್ಟಣ, ಮೊಬೈಲ್ ರೀಚಾರ್ಜು ಇಂಥವಕ್ಕೆ ಮಾರ್ಷಲ್‌ನ ಹಳೆಯ ಅಳತೆ ಸಾಕು. ಬೇಡಿಕೆಯ ಅಂದಾಜಿನಲ್ಲೇ ಇದಕ್ಕಿಂತ ಎಷ್ಟೋ ದೊಡ್ಡ ತಪ್ಪು ಇರುತ್ತದೆ. ಬಾಡಿಗೆ, ಬಡವರ ಮನೆಯ ಅಕ್ಕಿ, ಆಸ್ಪತ್ರೆ ಖರ್ಚು ಇವುಗಳಿಗೆ ಸಾಲದು. ಅಂಥ ಕಡೆ, ಮಾರುಕಟ್ಟೆಯಲ್ಲಿ ಕಾಣುವ ಬೇಡಿಕೆಯಿಂದಲೇ ನಿಖರವಾದ ಮೊತ್ತಗಳನ್ನು ಹೊರತೆಗೆಯುವ ದಾರಿಯನ್ನು ಜೆರ್ರಿ ಹೌಸ್‌ಮನ್ 1981ರಲ್ಲಿ ತೋರಿಸಿಕೊಟ್ಟಿದ್ದಾನೆ. ಅಂದಾಜಿಗೆ ತೃಪ್ತಿಪಡುವ ಅಗತ್ಯವಿಲ್ಲ.

ನಿಜ ಜೀವನದಲ್ಲಿ ಪರಿಹಾರ ಕೊಡುವವರು ಈ ಮೂರರಲ್ಲಿ ಯಾವುದನ್ನೂ ಬಳಸುವುದಿಲ್ಲ. ಸರ್ಕಾರಿ ನೌಕರರ ತುಟ್ಟಿಭತ್ಯೆಯನ್ನು ನೋಡಿ. ಅದರ ಹಿಂದಿರುವ ಗ್ರಾಹಕ ಬೆಲೆ ಸೂಚ್ಯಂಕ ಒಂದು ಹಳೆಯ ವರ್ಷದ ಖರೀದಿ ಬುಟ್ಟಿಯನ್ನು ಹಾಗೇ ಇಟ್ಟುಕೊಂಡು ಈಗ ಅದಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳುತ್ತದೆ. ನಮ್ಮ ಸಂಸಾರಕ್ಕೆ ಆ ಬಗೆಯ ಲೆಕ್ಕ ಹಾಕಿದರೆ ಹಳೆಯ 720 ಚದರಡಿಗೆ ತಲಾ 11 ರೂಪಾಯಿ, ಒಟ್ಟು 7,920 ರೂಪಾಯಿ. ಅಷ್ಟು ಕೊಟ್ಟರೆ ಅವರು 720 ಚದರಡಿಗೆ ಮರಳಬಹುದು. ಆದರೆ ಮರಳುವುದಿಲ್ಲ. 43,920 ರೂಪಾಯಿಯನ್ನು ಅರ್ಧರ್ಧ ಹಂಚಿ 610 ಚದರಡಿ ಹಿಡಿದು ಮೊದಲಿಗಿಂತ ಹೆಚ್ಚು ನೆಮ್ಮದಿಯಲ್ಲಿರುತ್ತಾರೆ. ಜನ ತುಟ್ಟಿಯಾದದ್ದನ್ನು ಕಡಿಮೆ ಮಾಡಿ ಹೊಂದಿಕೊಳ್ಳುತ್ತಾರೆ ಎಂಬುದನ್ನು ಈ ಲೆಕ್ಕ ಮರೆಯುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ. ಅದೇ ರೀತಿ ಹೊಸ ಮನೆಯ 500 ಚದರಡಿಯನ್ನು ಹಿಡಿದು ಲೆಕ್ಕ ಹಾಕಿದರೆ 5,500 ಬರುತ್ತದೆ, ಅದು ಸಮಾನ ಮೊತ್ತಕ್ಕಿಂತಲೂ ಕಡಿಮೆ. ಹೊಂದಾಣಿಕೆಯ ಹೆಸರಿನಲ್ಲಿ ಜನ ಏನನ್ನೆಲ್ಲ ಬಿಟ್ಟುಕೊಟ್ಟರೋ ಅದು ಈ ಲೆಕ್ಕದಲ್ಲಿ ಸೊನ್ನೆ. ತಾಯಿಯವರ ಕೋಣೆ ಹೋದದ್ದು ಇಲ್ಲಿ ದಾಖಲಾಗುವುದೇ ಇಲ್ಲ.

ಇನ್ನೊಂದು ತಪ್ಪು ಬೆಲೆಯನ್ನು ಆರಿಸುವುದರಲ್ಲಿ ಆಗುತ್ತದೆ. 2023ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿ ಹೊಂದಿಸಲಾಗದೆ, ಅದರ ಬದಲು ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. 34 ರೂಪಾಯಿ ಆಗ ಭಾರತೀಯ ಆಹಾರ ನಿಗಮದ ದರವಾಗಿತ್ತು. ಮನೆಯವರು ಅಕ್ಕಿ ಕೊಳ್ಳುವುದು ನಿಗಮದಲ್ಲಲ್ಲ, ಬೀದಿ ಕೊನೆಯ ಅಂಗಡಿಯಲ್ಲಿ. ಅದಿಲ್ಲದಿದ್ದರೂ ತಿಂಗಳಿಗೆ ಒಂದಿಷ್ಟು ಅಕ್ಕಿಯನ್ನು ಅಂಗಡಿಯಿಂದ ತರುತ್ತಿರುವ ಮನೆಗೆ, ಸಿಗದೆ ಹೋದ 5 ಕಿಲೋದ ಸರಿಯಾದ ಪರಿಹಾರ ಮೊತ್ತ ಯಾವ ವರ್ಗಮೂಲವೂ ಇಲ್ಲದೆ ಸಿಗುತ್ತದೆ: ಅಂಗಡಿಯ ದರ ಗುಣಿಸು ಐದು. ಅಂಗಡಿಯ ದರ 34ಕ್ಕಿಂತ ಎಷ್ಟು ಹೆಚ್ಚಿತ್ತೋ, ಪರಿಹಾರ ಕಿಲೋಗೆ ಅಷ್ಟು ಕೊರತೆ.

ನಮ್ಮ ಬಾಡಿಗೆ ಲೆಕ್ಕಕ್ಕೂ ಮಿತಿಗಳಿವೆ. 600 ಚದರಡಿಯ ಮನೆ ಬೇಕೆಂದಾಗ ಅಷ್ಟೇ ವಿಸ್ತೀರ್ಣದ್ದು ಸಿಗುವುದಿಲ್ಲ. ಮನೆ ಬದಲಿಸುವಾಗಿನ ಅಡ್ವಾನ್ಸು, ಬ್ರೋಕರ್ ಕಮಿಷನ್ನು, ಸಾಮಾನು ಸಾಗಣೆ, ಮಗುವಿನ ಶಾಲೆ ದೂರವಾಗುವುದು ಇವು ಯಾವುವೂ ಇದರಲ್ಲಿ ಸೇರಿಲ್ಲ. ಅರ್ಧರ್ಧದ ಹಂಚಿಕೆ ಎಲ್ಲ ಮನೆಗೂ ಹೊಂದುವುದಿಲ್ಲ. ಆದಾಯದ ಹೆಚ್ಚಿನ ಪಾಲು ಬಾಡಿಗೆಗೇ ಹೋಗುವ, ಅದಕ್ಕಿಂತ ಚಿಕ್ಕ ಮನೆಗೆ ಇಳಿಯಲಾರದ ಸಂಸಾರಕ್ಕೆ ಪರಿಹಾರ ಮೊತ್ತ ಹಳೆಯ ಬುಟ್ಟಿಯ ಲೆಕ್ಕಕ್ಕೆ ಹತ್ತಿರ ಸರಿಯುತ್ತದೆ, ಯಾಕೆಂದರೆ ಹೊಂದಿಕೊಳ್ಳಲು ಅವರಿಗೆ ಜಾಗವೇ ಉಳಿದಿಲ್ಲ. ಬಡವರಿಗೆ ಕೊಡುವ ಪರಿಹಾರದಲ್ಲಿ ಅವರು ಹೇಗೂ ಹೊಂದಿಕೊಳ್ಳುತ್ತಾರೆ ಎಂದು ಕಡಿತ ಮಾಡುವವರು ಇದನ್ನು ನೆನಪಿಡಬೇಕು.

ಇನ್ನು ಮುಂದೆ ಬಾಡಿಗೆ ಭತ್ಯೆಯಾಗಲಿ, ಸಬ್ಸಿಡಿಯ ಬದಲಿನ ನಗದಾಗಲಿ ಪ್ರಕಟವಾದಾಗ ಮೊತ್ತವನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಯಾವ ದರದಲ್ಲಿ ಲೆಕ್ಕ ಹಾಕಿದಿರಿ, ಏರಿಕೆಗೆ ಮುಂಚಿನ ಬದುಕಿಗೆ ತರಲೋ ಅಥವಾ ಈಗಿನ ಬದುಕಿಗೇ ಸಮಾಧಾನ ಹೇಳಲೋ ಎಂದು ಕೇಳಿ. ನಮ್ಮ ಸಂಸಾರದ ಮಟ್ಟಿಗೆ ಆ ಎರಡು ಉತ್ತರಗಳ ನಡುವೆ ತಿಂಗಳಿಗೆ 1,200 ರೂಪಾಯಿ ಅಂತರವಿದೆ.